ಶಿಫ್ಟ್ ಮುಗಿದ ಮೇಲೆ ಫೋನ್ ಬರಬಾರದು ಅಂದರೆ ಲಾಗ್‌ಬುಕ್ ಹೇಗೆ ಬರೆಯಬೇಕು?

ಪ್ರಶ್ನೆ: ಸರ್, ನಾನು ಕಲ್ಲಿದ್ದಲು ವಿದ್ಯುತ್ ಸ್ಥಾವರವೊಂದರ ಕಂಟ್ರೋಲ್ ರೂಮಿನಲ್ಲಿ ಡೆಸ್ಕ್ ಇಂಜಿನಿಯರ್. ಸೇರಿ ಇನ್ನೂ ಒಂದು ವರ್ಷ ಆಗಿಲ್ಲ. ನೈಟ್ ಶಿಫ್ಟ್ ಮುಗಿಸಿ, ಲಾಗ್‌ನಲ್ಲಿ ಎಲ್ಲಾ ಬರೆದು, ಬಾಯಲ್ಲೂ ಹೇಳಿ ಬಂದಿರುತ್ತೇನೆ. ಆದರೂ ಕಣ್ಣು ಮುಚ್ಚುವಷ್ಟರಲ್ಲಿ "ಅದು ಯಾಕೆ ಹಾಗಿದೆ, ಇದನ್ನು ಯಾರು ಬಂದ್ ಮಾಡಿದ್ದು" ಅಂತ ಫೋನ್ ಬರುತ್ತದೆ. ನಾನು ಬರೆಯುವುದರಲ್ಲಿ ಏನು ಕಮ್ಮಿ ಆಗುತ್ತಿದೆ?

ಉತ್ತರ:

ನಿಮಗೆ ಬರುವ ಫೋನ್‌ಗಳನ್ನೇ ಒಮ್ಮೆ ನೋಡಿ. "ರಾತ್ರಿ ಏನಾಯ್ತು" ಅಂತ ಯಾರೂ ಕೇಳುತ್ತಿಲ್ಲ. "ಈಗ ಅದು ಯಾಕೆ ಹೀಗಿದೆ, ನಾನು ಮುಟ್ಟಬಹುದಾ" ಅಂತ ಕೇಳುತ್ತಿದ್ದಾರೆ. ನಡೆದ ಘಟನೆಯನ್ನು ನೀವು ಬರೆದಿದ್ದೀರಿ, ಬಿಟ್ಟುಬಂದ ಸ್ಥಿತಿಯನ್ನು ಬರೆದಿಲ್ಲ. ಹೊಸಬರಲ್ಲಿ ಮಾತ್ರ ಅಲ್ಲ, ಇಪ್ಪತ್ತು ವರ್ಷ ಪ್ಯಾನೆಲ್ ಮುಂದೆ ಕೂತವರ ಲಾಗ್‌ನಲ್ಲೂ ನಾನು ಜಾಸ್ತಿ ನೋಡಿರುವ ಕೊರತೆ ಇದೇ.

ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. 210 ಮೆಗಾವ್ಯಾಟ್ ಘಟಕ, ಯೂನಿಟ್ 3 ಅಂದುಕೊಳ್ಳಿ. ಬಾಯ್ಲರ್ ಫೀಡ್ ಪಂಪ್ ಮೂರಿವೆ: 3ಎ, 3ಬಿ, 3ಸಿ. ಫುಲ್ ಲೋಡ್‌ಗೆ ಎರಡು ಓಡಬೇಕು, ಮೂರನೆಯದು ಸ್ಟ್ಯಾಂಡ್‌ಬೈ. ರಾತ್ರಿ ಎರಡು ಗಂಟೆ ಸುಮಾರಿಗೆ 3ಬಿ ಬೇರಿಂಗ್ ಬಿಸಿಯಾಗುತ್ತಾ ಬಂತು, 3ಸಿ ಓಡಿಸಿ 3ಬಿ ನಿಲ್ಲಿಸಿದಿರಿ. ಮೆಕ್ಯಾನಿಕಲ್‌ನವರು ಬಂದು ನೋಡಿ, ಲ್ಯೂಬ್ ಆಯಿಲ್ ಕೂಲರ್ ಕಟ್ಟಿಕೊಂಡಿದೆ, ಬಿಚ್ಚಿ ತೊಳೆಯಬೇಕು ಅಂದರು, ಪಂಪ್ ಬಂದ್ ಮಾಡಿ ಕೆಲಸಕ್ಕೆ ಬಿಟ್ಟುಕೊಡುವ ಅನುಮತಿ, ಅಂದರೆ ಎಲ್‌ಸಿ, ತೆಗೆದುಕೊಂಡರು. ಲಾಗ್ ಸಾಮಾನ್ಯವಾಗಿ ಹೀಗಿರುತ್ತದೆ (ನಮ್ಮಲ್ಲಿ ಬರೆಯುವುದು ಇಂಗ್ಲಿಷಿನಲ್ಲೇ, ಇಲ್ಲಿ ಕನ್ನಡದಲ್ಲಿ ತೋರಿಸುತ್ತಿದ್ದೇನೆ):

> 02:30 – ಬಿಎಫ್‌ಪಿ 3ಬಿ ಬೇರಿಂಗ್ ಟೆಂಪರೇಚರ್ ಹೈ. 3ಸಿ ಸರ್ವೀಸ್‌ಗೆ ತೆಗೆದುಕೊಳ್ಳಲಾಯಿತು. ಎಂಎಂಗೆ ತಿಳಿಸಲಾಗಿದೆ. ಎಲ್‌ಸಿ ಕೊಡಲಾಗಿದೆ. ಉಳಿದಂತೆ ಎಲ್ಲಾ ನಾರ್ಮಲ್.

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಬಂದವರ ಜಾಗದಲ್ಲಿ ಕೂತು ಓದಿ. ಎಷ್ಟು ಡಿಗ್ರಿ? ಒಮ್ಮೆಲೇ ಏರಿತೋ ನಿಧಾನವಾಗಿಯೋ? ಎಲ್‌ಸಿ ಯಾವ ಕೆಲಸಕ್ಕೆ, ಯಾವುದೆಲ್ಲ ಬಂದ್ ಆಗಿದೆ, ಬ್ರೇಕರ್ ಹೊರಗೆ ಎಳೆದಿದೆಯಾ? ಈಗ ಸ್ಟ್ಯಾಂಡ್‌ಬೈ ಪಂಪ್ ಇದೆಯಾ ಇಲ್ಲವಾ? 3ಎ ಟ್ರಿಪ್ ಆದರೆ ಏನು ಮಾಡಲಿ? ಇದರ ಜೊತೆಗೆ ಲಾಗ್‌ಗೆ ಬಾರದೇ ಹೋದ ಒಂದು ಸಂಗತಿಯೂ ಇದೆ. 3ಸಿ ಓಡಿಸಿದ ಮೇಲೆ ಅದರ ವೇಗ ಹೆಚ್ಚು ಕಮ್ಮಿ ಮಾಡುವ ಸ್ಕೂಪ್ ಆಟೋದಲ್ಲಿ ಹಂಟಿಂಗ್ ಮಾಡುತ್ತಿತ್ತು, ನೀವು ಮ್ಯಾನುಯಲ್‌ಗೆ ಹಾಕಿ 58%ನಲ್ಲಿ ನಿಲ್ಲಿಸಿದ್ದಿರಿ. ಸ್ಕ್ರೀನ್‌ನಲ್ಲಿ "ಮ್ಯಾನುಯಲ್" ಅಂತ ಎಲ್ಲರಿಗೂ ಕಾಣುತ್ತದೆ, ಯಾಕೆ ಅನ್ನೋದು ಕಾಣುವುದಿಲ್ಲ. ಬಂದವರು "ಯಾರೋ ಮರೆತು ಬಿಟ್ಟಿದ್ದಾರೆ" ಅಂದುಕೊಂಡು ಆಟೋಗೆ ಒತ್ತುತ್ತಾರೆ, ಡ್ರಮ್ ಲೆವೆಲ್ ಮೇಲೆ ಕೆಳಗೆ ಕುಣಿಯಲು ಶುರುವಾಗುತ್ತದೆ. ಒಳ್ಳೆಯ ಇಂಜಿನಿಯರ್ ಆಗಿದ್ದರೆ ಒತ್ತುವ ಮೊದಲು ನಿಮಗೆ ಫೋನ್ ಮಾಡುತ್ತಾರೆ. ಹಾಗಾಗಿ ಆ ಫೋನ್ ಬಂದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಬರದೇ ಇದ್ದಿದ್ದರೆ ಇನ್ನೂ ಕಷ್ಟ ಇತ್ತು.

ಅದೇ ರಾತ್ರಿಯನ್ನು ನಾನಾದರೆ ಹೀಗೆ ಬರೆಯುತ್ತೇನೆ:

> 01:50 – ಬಿಎಫ್‌ಪಿ 3ಬಿ ಡ್ರೈವ್ ಕಡೆಯ ಬೇರಿಂಗ್ 62ರಿಂದ ಏರಲು ಶುರು. ಲೋಡ್ 208, ಬದಲಾಗಿಲ್ಲ. ಕೂಲರ್ ನಂತರದ ಆಯಿಲ್ ಟೆಂಪರೇಚರ್ ಕೂಡ ಏರುತ್ತಿದೆ. ವೈಬ್ರೇಷನ್ ಮೊದಲಿನಷ್ಟೇ.
>
> 02:20 – 76 ಡಿಗ್ರಿ, ಅಲಾರಂ ಬಂತು (ಅಲಾರಂ 75, ಟ್ರಿಪ್ 90). 3ಸಿ ಸ್ಟಾರ್ಟ್.
>
> 02:34 – 3ಸಿ ಲೋಡ್ ತೆಗೆದುಕೊಂಡಿತು. 3ಬಿ ಸ್ಟಾಪ್, 78 ಡಿಗ್ರಿಯಲ್ಲಿ.
>
> 02:45 – 3ಸಿ ಸ್ಕೂಪ್ ಆಟೋದಲ್ಲಿ ಹಂಟಿಂಗ್, 52–64% ನಡುವೆ. ಮ್ಯಾನುಯಲ್ 58%ಗೆ ಹಾಕಿದೆ. ಲೋಡ್ ವ್ಯತ್ಯಾಸವನ್ನು 3ಎ ಆಟೋ ನೋಡಿಕೊಳ್ಳುತ್ತಿದೆ. ಸಿ ಅಂಡ್ ಐ ನೋಡುವವರೆಗೆ ಆಟೋಗೆ ಹಾಕಬಾರದು. ಸಿ ಅಂಡ್ ಐ ಶಿಫ್ಟ್ ಇಂಜಿನಿಯರ್‌ಗೆ 02:50ಕ್ಕೆ ಹೇಳಿದೆ, ಜನರಲ್ ಶಿಫ್ಟ್‌ನಲ್ಲಿ ಬರುತ್ತಾರೆ. ಬಾಕಿ
>
> 04:10 – 3ಬಿ ಲ್ಯೂಬ್ ಆಯಿಲ್ ಕೂಲರ್ ಕ್ಲೀನಿಂಗ್‌ಗೆ ಎಂಎಂಗೆ ಎಲ್‌ಸಿ ಕೊಟ್ಟಿದೆ (ಎಲ್‌ಸಿ ನಂಬರ್, ಪಡೆದವರ ಹೆಸರು). 6.6 ಕೆವಿ ಬ್ರೇಕರ್ ಹೊರಗೆ, ಸಕ್ಷನ್, ಡಿಸ್ಚಾರ್ಜ್, ರೀಸರ್ಕ್ಯುಲೇಷನ್ ಬಂದ್, ಕೂಲರ್ ನೀರಿನ ಎರಡೂ ವಾಲ್ವ್ ಬಂದ್, ಎಒಪಿ ಪವರ್ ಆಫ್. ಎಲ್ಲಕ್ಕೂ ಟ್ಯಾಗ್ ಹಾಕಿದ್ದನ್ನು ಫೀಲ್ಡ್ ಆಪರೇಟರ್ ಸ್ಥಳದಲ್ಲೇ ನೋಡಿದ್ದಾರೆ. ಎಂಎಂ ಅಂದಾಜು: 11:00ಕ್ಕೆ ವಾಪಸ್. ಬಾಕಿ
>
> ಸ್ಟ್ಯಾಂಡ್‌ಬೈ ಬಿಎಫ್‌ಪಿ ಇಲ್ಲ. 3ಎ ಅಥವಾ 3ಸಿ ಟ್ರಿಪ್ ಆದರೆ ಮೂರನೆಯದು ಬರುವುದಿಲ್ಲ: ಒಂದೇ ಪಂಪ್ ವಿಧಾನದಂತೆ ಕೂಡಲೇ ಮೇಲಿನ ಮಿಲ್‌ಗಳನ್ನು ತೆಗೆದು ಲೋಡ್ 110ಕ್ಕೆ ಇಳಿಸಿ. 3ಸಿ ಉಳಿದರೆ ಸ್ಕೂಪ್ ಕೈಯಲ್ಲೇ ಏರಿಸಬೇಕು, ತಾನಾಗಿ ಏರುವುದಿಲ್ಲ.

ಉದ್ದವಾಯಿತು, ನಿಜ. ಆದರೆ ಇಡೀ ರಾತ್ರಿಯ ಲಾಗ್ ಇಷ್ಟುದ್ದ ಇರಬೇಕಾಗಿಲ್ಲ. ಗಂಟೆಗಂಟೆಯ ರೀಡಿಂಗ್ ಡಿಸಿಎಸ್‌ನಲ್ಲೇ ಇದೆ, ಅದನ್ನು ಮತ್ತೆ ಕೈಯಲ್ಲಿ ಇಳಿಸುವುದು ಸುಮ್ನೆ ಶಾಯಿ ದಂಡ. ಆಷ್ ಸಿಸ್ಟಮ್ ಎಂದಿನಂತೆ ಓಡಿತು, ಸೂಟ್ ಬ್ಲೋಯಿಂಗ್ ಆಯಿತು, ಇವಕ್ಕೆ ಒಂದೊಂದು ಸಾಲು ಸಾಕು. ಎಂದಿನಂತೆ ಇಲ್ಲದ್ದು ಯಾವುದೋ ಅದಕ್ಕೆ ಜಾಗ ಕೊಡಿ.

ಮೇಲಿನ ಬರಹದಲ್ಲಿ ಕೊನೆಯ ತುಣುಕನ್ನು ಗಮನಿಸಿ. ಅದು ನಡೆದದ್ದಲ್ಲ, ನಡೆಯಬಹುದಾದದ್ದು. ಏನಾದರೆ ಏನು ಮಾಡಬೇಕು, ಎಷ್ಟಕ್ಕೆ ಬಂದರೆ ಮಾಡಬೇಕು. ಬಹಳ ಜನ ಇಲ್ಲಿ "3ಎ, 3ಸಿ ಮೇಲೆ ನಿಗಾ ಇಡಿ" ಅಂತ ಬರೆದು ಮುಗಿಸುತ್ತಾರೆ. ನಿಗಾ ಇಡಿ ಅಂದರೆ ಏನನ್ನು ನೋಡಬೇಕು, ಎಷ್ಟು ಹೊತ್ತಿಗೊಮ್ಮೆ, ಯಾವ ಅಂಕಿ ದಾಟಿದರೆ ಎದ್ದು ಓಡಬೇಕು? ಆ ಮೂರು ಇಲ್ಲದಿದ್ದರೆ ಅದು ಸೂಚನೆ ಅಲ್ಲ, ಶುಭ ಹಾರೈಕೆ ಅಷ್ಟೆ. ಹಾಗಂತ ಇಡೀ ವಿಧಾನವನ್ನು ಲಾಗ್‌ಗೆ ಇಳಿಸಬೇಡಿ. ಒಂದೇ ಫೀಡ್ ಪಂಪ್ ಉಳಿದಾಗ ಏನು ಮಾಡಬೇಕು ಅನ್ನೋದಕ್ಕೆ ನಿಮ್ಮಲ್ಲಿ ಲಿಖಿತ ವಿಧಾನ ಇದ್ದೇ ಇರುತ್ತದೆ. ಈ ರಾತ್ರಿಯ ಕಾರಣಕ್ಕೆ ಆ ವಿಧಾನದಲ್ಲಿ ಯಾವುದು ಬೇರೆಯಾಗುತ್ತದೋ ಅಷ್ಟನ್ನು ಬರೆದರೆ ಸಾಕು. ಇಲ್ಲಿ ಬೇರೆಯಾಗಿದ್ದು ಎರಡು: ಸ್ಟ್ಯಾಂಡ್‌ಬೈ ಬರುವುದಿಲ್ಲ, 3ಸಿ ತಾನಾಗಿ ಏರುವುದಿಲ್ಲ.

"ಸ್ಟ್ಯಾಂಡ್‌ಬೈ" ಅನ್ನೋ ಪದವನ್ನು ಒಂಟಿಯಾಗಿ ಬರೆಯಲೇಬೇಡಿ. ನಮ್ಮ ಶಿಫ್ಟ್‌ಗಳಲ್ಲಿ ಅದನ್ನು ಕನಿಷ್ಠ ಮೂರು ಬೇರೆ ಸ್ಥಿತಿಗಳಿಗೆ ಬಳಸುತ್ತಾರೆ. ಒಂದು, ಆಟೋದಲ್ಲಿ ಆಯ್ಕೆಯಾಗಿದೆ, ಓಡುತ್ತಿರುವುದು ಬಿದ್ದ ತಕ್ಷಣ ತಾನೇ ಸ್ಟಾರ್ಟ್ ಆಗುತ್ತದೆ. ಎರಡು, ಪಂಪ್ ಸರಿಯಿದೆ, ಆದರೆ ಆಟೋದಲ್ಲಿ ಇಲ್ಲ, ಡೆಸ್ಕ್‌ನಿಂದ ಸ್ಟಾರ್ಟ್ ಕೊಡಬೇಕು. ಮೂರು, ಓಡುತ್ತಿಲ್ಲ ಅಷ್ಟೆ, ಅದರ ಸ್ಥಿತಿ ಯಾರಿಗೂ ಗೊತ್ತಿಲ್ಲ. ಫೀಡ್ ಪಂಪ್ ವಿಷಯದಲ್ಲಿ ಒಂದನೆಯದಕ್ಕೂ ಎರಡನೆಯದಕ್ಕೂ ನಡುವೆ ಇರುವ ಕೆಲವು ಸೆಕೆಂಡುಗಳಲ್ಲಿ ಡ್ರಮ್ ಲೆವೆಲ್ ಟ್ರಿಪ್ ಮಿತಿಯ ಹತ್ತಿರ ಬಂದುಬಿಡಬಹುದು. ಆದ್ದರಿಂದ "ಸ್ಟ್ಯಾಂಡ್‌ಬೈ, ಆಟೋ", "ಸಿದ್ಧ, ಮ್ಯಾನುಯಲ್", "ಲಭ್ಯವಿಲ್ಲ" ಅಂತ ಮೂರೇ ಪದ ಇಟ್ಟುಕೊಳ್ಳಿ, ನಾಲ್ಕೂ ಶಿಫ್ಟ್ ಗುಂಪಿನವರು ಅದನ್ನೇ ಬಳಸಲಿ. ವಾಲ್ವ್‌ಗೂ ಇದೇ ಮಾತು. "ಬಂದ್" ಅಂತ ಸ್ಕ್ರೀನ್ ತೋರಿಸಿದ್ದು ಬೇರೆ, ಫೀಲ್ಡ್‌ನಲ್ಲಿ ಚಕ್ರ ತಿರುಗಿಸಿ ನೋಡಿದ್ದು ಬೇರೆ. ಯಾರು ಎಲ್ಲಿಂದ ನೋಡಿದರು ಅನ್ನೋದು ಸಾಲಿನಲ್ಲಿ ಇರಬೇಕು, ಮುಖ್ಯವಾಗಿ ಎಲ್‌ಸಿ ಇರುವಾಗ, ಯಾಕೆಂದರೆ ಆ ವಾಲ್ವ್‌ನ ಆಚೆ ಒಬ್ಬ ಮನುಷ್ಯನ ಕೈ ಇರುತ್ತದೆ.

ಇನ್ನು ಬೈಪಾಸ್. ಲಾಗ್‌ನಲ್ಲಿ ಬಿಟ್ಟುಹೋದರೆ ಅತಿ ಹೆಚ್ಚು ಅಪಾಯ ಇದರಿಂದಲೇ ಅಂತ ನನ್ನ ಅಭಿಪ್ರಾಯ. ನಿಂತ ಪಂಪ್ ಕಣ್ಣಿಗೆ ಕಾಣುತ್ತದೆ, ಬೈಪಾಸ್ ಮಾಡಿದ ಟ್ರಿಪ್ ಕಾಣುವುದಿಲ್ಲ. ಎಲ್ಲಾ ಹಸಿರಾಗಿಯೇ ಇರುತ್ತದೆ. ಐಡಿ ಫ್ಯಾನ್ 3ಎ ಬೇರಿಂಗ್‌ನ ವೈಬ್ರೇಷನ್ ಸೆನ್ಸರ್ ಹುಚ್ಚುಹುಚ್ಚಾಗಿ ಓದುತ್ತಿದೆ, ಸುಳ್ಳು ಟ್ರಿಪ್ ಬೇಡ ಅಂತ ಸಿ ಅಂಡ್ ಐನವರಿಂದ ಆ ಟ್ರಿಪ್ ಬೈಪಾಸ್ ಮಾಡಿಸಿದಿರಿ ಅಂತಿಟ್ಟುಕೊಳ್ಳಿ. "3ಎ ವೈಬ್ರೇಷನ್ ಬೈಪಾಸ್ಡ್" ಅಂದರೆ ಅರ್ಧ ಮಾತು. ಯಾರ ಒಪ್ಪಿಗೆಯಿಂದ, ಯಾವ ಸಿಗ್ನಲ್, ಅಲಾರಂ ಕೂಡ ಹೋಯಿತೋ ಟ್ರಿಪ್ ಮಾತ್ರವೋ ಅನ್ನೋದು ಮೊದಲು. ಆಮೇಲೆ ಮುಖ್ಯವಾದ ಸಾಲು: "ಈಗ ಬೇರಿಂಗ್ ನಿಜವಾಗಿ ಕೆಟ್ಟರೂ ಫ್ಯಾನ್ ತಾನಾಗಿ ನಿಲ್ಲುವುದಿಲ್ಲ." ಅದರ ಬದಲಿಗೆ ಕಾವಲು ಯಾರು? ಫೀಲ್ಡ್ ಆಪರೇಟರ್ ಗಂಟೆಗೊಮ್ಮೆ ಕೈ ಮೀಟರ್‌ನಲ್ಲಿ ಓದುತ್ತಾರೆ, ಕೊನೆಯ ಓದು ಇಷ್ಟು, ಇಷ್ಟು ದಾಟಿದರೆ ಡೆಸ್ಕ್‌ನಿಂದ ನಿಲ್ಲಿಸಿ. ಸೆನ್ಸರ್ ಬದಲಿಸಿದ ಮೇಲೆ ಬೈಪಾಸ್ ತೆಗೆಯುವವರು ಯಾರು ಅನ್ನೋದೂ ಇರಲಿ. ಸೆನ್ಸರ್ ಸರಿಯಾಗಿದೆ, ಬೈಪಾಸ್ ಮಾತ್ರ ಹಾಗೇ ಉಳಿದಿದೆ ಅನ್ನೋ ಪರಿಸ್ಥಿತಿ ತುಂಬಾ ಸಾಮಾನ್ಯ. ಕೆಲಸ ಮಾಡಿದವರು ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ, ಬೈಪಾಸ್ ಕೇಳಿದವರು ಅಷ್ಟು ಹೊತ್ತಿಗೆ ಮನೆಯಲ್ಲಿರುತ್ತಾರೆ.

ಒಂದು ಸಾಲಿನ ಲಾಗ್ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ದಾಖಲಾದ ಪ್ರಕರಣವೇ ಇದೆ. ಅದು ವಿದ್ಯುತ್ ಸ್ಥಾವರದ್ದಲ್ಲ, ಅಮೆರಿಕದ ಟೆಕ್ಸಾಸ್ ಸಿಟಿಯ ಬಿಪಿ ತೈಲ ಸಂಸ್ಕರಣಾಗಾರದ್ದು. 2005ರ ಮಾರ್ಚ್ 23. ರಾತ್ರಿ ಪಾಳಿಯವರು ಒಂದು ಘಟಕವನ್ನು ಶುರು ಮಾಡುವ ತಯಾರಿಯಲ್ಲಿ ಗೋಪುರಕ್ಕೆ ದ್ರವ ತುಂಬಿ ಅರ್ಧಕ್ಕೆ ನಿಲ್ಲಿಸಿದ್ದರು. ಲಾಗ್‌ನಲ್ಲಿ ಇದ್ದದ್ದು ಒಂದೇ ಸಾಲು: ಘಟಕಕ್ಕೆ ಸ್ವಲ್ಪ ದ್ರವ ತಂದಿದ್ದೇವೆ ಅನ್ನೋ ಅರ್ಥದ್ದು. ಎಷ್ಟು ಮಟ್ಟಕ್ಕೆ ತುಂಬಿದೆ, ಯಾವ ಯಾವ ಉಪಕರಣದಲ್ಲಿ ತುಂಬಿದೆ, ವಾಲ್ವ್‌ಗಳನ್ನು ಹೇಗೆ ಬಿಟ್ಟಿದ್ದೇವೆ ಅಂತ ಇರಲಿಲ್ಲ. ಬೆಳಗಿನ ಪಾಳಿಯವರು ಮತ್ತೆ ತುಂಬಲು ಶುರು ಮಾಡಿದರು, ಗೋಪುರ ಮಿತಿ ಮೀರಿ ತುಂಬಿ ಉಕ್ಕಿತು, ಬೆಂಕಿ ಹತ್ತಿ ಸ್ಫೋಟವಾಯಿತು. 15 ಜನ ಸತ್ತರು, 180 ಜನಕ್ಕೆ ಗಾಯ. ತಪ್ಪು ಓದುತ್ತಿದ್ದ ಲೆವೆಲ್ ಮೀಟರ್, ಬಡಿಯದ ಅಲಾರಂ, ದಣಿದ ಸಿಬ್ಬಂದಿ, ಹೀಗೆ ಕಾರಣಗಳು ಹಲವಿದ್ದವು, ಲಾಗ್ ಒಂದೇ ಅಲ್ಲ. ಆದರೆ ಆ ಸಾಲನ್ನು ನಮ್ಮ "3ಸಿ ಸರ್ವೀಸ್‌ಗೆ ತೆಗೆದುಕೊಳ್ಳಲಾಯಿತು" ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಮಾಡಿದ್ದು ಇದೆ, ಬಿಟ್ಟ ಸ್ಥಿತಿ ಇಲ್ಲ.

ಸಮಯದ ಬಗ್ಗೆ. ಡಿಸಿಎಸ್ ಗಡಿಯಾರ ನೋಡಿಯೇ ಬರೆಯಿರಿ, ಕೈಗಡಿಯಾರ, ಮೊಬೈಲ್ ಬೇಡ. ಟ್ರಿಪ್ ಆದ ಮೇಲೆ ಘಟನೆಗಳ ಪಟ್ಟಿಯನ್ನು ಡಿಸಿಎಸ್‌ನಿಂದ ತೆಗೆದು ಲಾಗ್ ಪಕ್ಕ ಇಟ್ಟು ನೋಡುವಾಗ, ನಿಮ್ಮ ಗಡಿಯಾರ ನಾಲ್ಕು ನಿಮಿಷ ಹಿಂದಿದ್ದರೆ ಕಾರಣ ಮತ್ತು ಪರಿಣಾಮ ತಲೆಕೆಳಗಾಗಿ ಕಾಣುತ್ತವೆ. ಆಗ ನೀವು ಪಂಪ್ ನಿಲ್ಲಿಸಿದ್ದಕ್ಕೆ ಅಲಾರಂ ಬಂತು ಅಂತ ಯಾರಾದರೂ ಹೇಳಬಹುದು! ಆಗಿದ್ದನ್ನು ಆಗಲೇ ಬರೆಯಿರಿ. ಗಲಾಟೆಯಲ್ಲಿ ಆಗದಿದ್ದರೆ ಒಂದು ಚೀಟಿಯಲ್ಲಿ ಸಮಯ, ಅಂಕಿ ಎರಡನ್ನು ಗೀಚಿಕೊಂಡು ಆಮೇಲೆ ಇಳಿಸಿ, ಆದರೆ "03:40ಕ್ಕೆ ಬರೆದದ್ದು, ನಡೆದದ್ದು 02:20" ಅಂತ ಸ್ಪಷ್ಟ ಹೇಳಿ. ಐದೂವರೆಗೆ ಕೂತು ಇಡೀ ರಾತ್ರಿಯನ್ನು ನೆನಪಿನಿಂದ ಬರೆಯುವವರ ಲಾಗ್ ನೋಡಿದ ತಕ್ಷಣ ಗೊತ್ತಾಗುತ್ತದೆ. ಎಲ್ಲಾ ಸಮಯವೂ 00, 15, 30, 45ರಲ್ಲೇ ಮುಗಿಯುತ್ತದೆ, ಒಂದೇ ಕೈಬರಹದ ಓಟ ಇರುತ್ತದೆ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ, ಸಮಯ ಹಾಕಿ. ಹಳೆಯದು ಓದಲು ಬರಬೇಕು. ವೈಟ್‌ನರ್ ಬೇಡ, ಹಾಳೆ ಹರಿಯುವುದಂತೂ ಬೇಡವೇ ಬೇಡ.

ಮತ್ತೆ, ನೋಡಿದ್ದನ್ನೂ ಊಹಿಸಿದ್ದನ್ನೂ ಬೆರೆಸಬೇಡಿ. ಮೇಲಿನ ಉದಾಹರಣೆಯಲ್ಲಿ 01:50ಕ್ಕೆ "ಕೂಲರ್ ಕಟ್ಟಿಕೊಂಡಿದೆ" ಅಂತ ನಾನು ಬರೆದಿಲ್ಲ. ಬೇರಿಂಗ್ ಏರಿತು, ಆಯಿಲ್ ಕೂಡ ಏರಿತು, ವೈಬ್ರೇಷನ್ ಏರಲಿಲ್ಲ, ಲೋಡ್ ಬದಲಾಗಲಿಲ್ಲ ಅಂತ ಬರೆದಿದ್ದೇನೆ. ಓದುವವರಿಗೆ ಇಷ್ಟೇ ಸಾಕು, ಬೇರಿಂಗ್‌ಗಿಂತ ಕೂಲರ್ ಕಡೆ ಬೆರಳು ತೋರಿಸುತ್ತದೆ. ನೀವು "ಕೂಲರ್ ಚೋಕ್" ಅಂತಲೇ ಬರೆದು, ಬಿಚ್ಚಿ ನೋಡಿದಾಗ ಅದು ಚೆನ್ನಾಗಿದ್ದರೆ, ಮುಂದಿನ ಇಬ್ಬರು ಮೂವರು ನಿಮ್ಮ ಊಹೆಯ ಹಿಂದೆಯೇ ಹೋಗಿರುತ್ತಾರೆ. ಊಹೆ ಬರೆಯಲೇಬೇಕು ಅನಿಸಿದರೆ "ಅನುಮಾನ" ಅಂತ ಮುಂದೆ ಹಾಕಿ ಬರೆಯಿರಿ.

"ತಿಳಿಸಲಾಗಿದೆ" ಬಗ್ಗೆ ಒಂದು ಮಾತು. ಯಾರಿಗೆ, ಎಷ್ಟು ಹೊತ್ತಿಗೆ, ಅವರು ಏನಂದರು? ಈ ಮೂರನೆಯದೇ ಮುಖ್ಯ. ತಿಳಿಸಿದ್ದು ನಿಮ್ಮ ರಕ್ಷಣೆಗೆ, ಅವರು ಏನಂದರು ಅನ್ನೋದು ಮುಂದಿನವರ ಕೆಲಸಕ್ಕೆ. ಲೋಡ್ ಡಿಸ್ಪ್ಯಾಚ್ ಕೇಂದ್ರದ ಸೂಚನೆಗಳಲ್ಲಿ ಇದು ಇನ್ನೂ ಬಿಗಿ. ಶೆಡ್ಯೂಲ್ 15 ನಿಮಿಷದ ಬ್ಲಾಕ್‌ಗಳಲ್ಲಿ ನಡೆಯುತ್ತದೆ. 05:40ಕ್ಕೆ ಬೆಂಗಳೂರಿನ ಎಸ್‌ಎಲ್‌ಡಿಸಿಯಿಂದ "06:30ರ ಬ್ಲಾಕ್‌ನಿಂದ 160ಕ್ಕೆ ಇಳಿಸಿ" ಅಂತ ಬಂದರೆ, ಕೇಳಿಸಿಕೊಂಡವರು ನೀವು, ಮಾಡಬೇಕಾದವರು ಬೆಳಗಿನವರು. ಅದನ್ನು ನಡೆದ ಸಂಗತಿಗಳ ನಡುವೆ ಹೂತುಬಿಡಬೇಡಿ. ಮೆಸೇಜ್ ಕೊಟ್ಟವರು, ಸಮಯ, ಯಾವ ಬ್ಲಾಕ್‌ನಿಂದ, ಎಷ್ಟಕ್ಕೆ, ಮತ್ತೆ ಏರಿಸುವುದಕ್ಕೆ ಅವರು ಹೇಳುತ್ತಾರೋ ನಾವು ಕೇಳಬೇಕೋ, ಇಷ್ಟನ್ನು ಬಾಕಿಯಲ್ಲಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಲೋಡ್ ಇಳಿಸುವಾಗ 3ಸಿ ಮ್ಯಾನುಯಲ್‌ನಲ್ಲಿದೆ ಅನ್ನೋದೂ ನೆನಪಿರಬೇಕು, ಅಲ್ವಾ? ಎರಡು ಸಾಲುಗಳು ಒಂದಕ್ಕೊಂದು ಸಂಬಂಧಪಟ್ಟಿದ್ದರೆ ಅದನ್ನು ನೀವೇ ಕೂಡಿಸಿ ಹೇಳಿ, ಓದುವವರು ಕೂಡಿಸಿಕೊಳ್ಳಲಿ ಅಂತ ಬಿಡಬೇಡಿ.

ಈಗ "ಬಾಕಿ" ಅನ್ನೋದರ ಬಗ್ಗೆ. ಪ್ರತಿ ಶಿಫ್ಟ್‌ನ ಲಾಗ್ ಬಾಕಿಗಳ ಪಟ್ಟಿಯಿಂದಲೇ ಶುರುವಾಗಬೇಕು, ಹಿಂದಿನ ಶಿಫ್ಟ್‌ನವರು ಬಿಟ್ಟದ್ದನ್ನು ಮೊದಲ ದಿನಾಂಕ, ಸಮಯದ ಜೊತೆ ಮತ್ತೆ ಬರೆದು. "ಹಿಂದಿನ ಪುಟ ನೋಡಿ" ಅಂತ ಬರೆದರೆ ನಾಲ್ಕನೇ ಶಿಫ್ಟ್‌ಗೆ ಅದು ಕಳೆದುಹೋಗುತ್ತದೆ. ಎರಡು ದಿನ ವೀಕ್ಲಿ ಆಫ್ ಮುಗಿಸಿ ಬಂದವರಿಗೆ ಯಾವ ಹಿಂದಿನ ಪುಟ ಅಂತಲೇ ಗೊತ್ತಾಗುವುದಿಲ್ಲ. ದಿನಾಂಕ ಯಾಕೆ ಬೇಕು ಅಂದರೆ, 3ಸಿ ಸ್ಕೂಪ್ ಮ್ಯಾನುಯಲ್‌ನಲ್ಲಿ ಇರುವುದು ನಿನ್ನೆಯಿಂದಲೋ ಎರಡು ವಾರದಿಂದಲೋ ಅನ್ನೋದು ಒಂದೇ ನೋಟಕ್ಕೆ ತಿಳಿಯಬೇಕು. ಎರಡು ವಾರದಿಂದ ಅಂತಾದರೆ ಅದು ಶಿಫ್ಟ್‌ನವರು ಲಾಗ್‌ನಲ್ಲಿ ಹೊರುವ ವಿಷಯ ಅಲ್ಲ, ಬೆಳಗಿನ ಮೀಟಿಂಗ್‌ಗೆ ಹೋಗಬೇಕು.

ಹ್ಯಾಂಡೋವರ್ ಹೊತ್ತಿಗೆ ಇನ್ನೊಂದು ಅಭ್ಯಾಸ ಮಾಡಿ. ಬಂದವರು ಮೊದಲು ಓದಲಿ, ನೀವು ಆಮೇಲೆ ಮಾತಾಡಿ. ನೀವು ಮೊದಲೇ ಕಥೆ ಹೇಳಿಬಿಟ್ಟರೆ ಲಾಗ್‌ನಲ್ಲಿ ಏನು ಬಿಟ್ಟಿದೆ ಅಂತ ಇಬ್ಬರಿಗೂ ಗೊತ್ತಾಗುವುದಿಲ್ಲ. ಓದಿ ಅವರು ಕೇಳಿದ ಪ್ರತಿ ಪ್ರಶ್ನೆಗೂ ಬಾಯಲ್ಲಿ ಉತ್ತರಿಸಿ, ಅದೇ ಉತ್ತರವನ್ನು ಅಲ್ಲೇ ಲಾಗ್‌ಗೆ ಸೇರಿಸಿ, ಆಮೇಲೆ ಇಬ್ಬರೂ ಸಹಿ ಮಾಡಿ. ಬಸ್ ಹೊರಡುವ ಹೊತ್ತಲ್ಲಿ ಇದು ಕಿರಿಕಿರಿ ಅನಿಸುತ್ತದೆ, ಗೊತ್ತು. ಕೆಲವು ದಿನ ಮಾಡಿದರೆ ಯಾವ ಪ್ರಶ್ನೆ ಬರುತ್ತದೆ ಅಂತ ಬರೆಯುವಾಗಲೇ ಗೊತ್ತಾಗಿಬಿಡುತ್ತದೆ.

ಬಾಕಿ ಮುಗಿಸುವುದಕ್ಕೂ ಇದೇ ಶಿಸ್ತು ಬೇಕು, ಇಲ್ಲಿ ಜನ ಜಾಸ್ತಿ ಸಡಿಲ ಬಿಡುತ್ತಾರೆ. "ಎಲ್‌ಸಿ ವಾಪಸ್, 3ಬಿ ನಾರ್ಮಲ್" ಅಂತ ಬರೆದರೆ ಪಂಪ್ ಸಿಕ್ಕಿತು ಅಂತ ಅರ್ಥವಾ? ಎಲ್‌ಸಿ ವಾಪಸ್ ಬಂದಾಗ ಬ್ರೇಕರ್ ಇನ್ನೂ ಹೊರಗೇ ಇರುತ್ತದೆ, ವಾಲ್ವ್‌ಗಳು ಬಂದ್ ಇರುತ್ತವೆ, ಎಂಟೊಂಬತ್ತು ಗಂಟೆ ನಿಂತ ಪಂಪ್ ತಣ್ಣಗಾಗಿರುತ್ತದೆ. ಡೀಏರೇಟರ್‌ನಿಂದ ಬರುವ ನೀರು 160 ಡಿಗ್ರಿ ಆಸುಪಾಸು. ವಾರ್ಮ್‌ಅಪ್ ಆಗದೆ ಸ್ಟಾರ್ಟ್ ಕೊಟ್ಟರೆ ಕೇಸಿಂಗ್‌ನ ಮೇಲೆ ಕೆಳಗೆ ಉಷ್ಣತೆಯ ವ್ಯತ್ಯಾಸದಿಂದ ಒಳಗೆ ಉಜ್ಜಿಕೊಳ್ಳಬಹುದು. ಹಾಗಾಗಿ ಬೆಳಗಿನವರು ಬರೆಯಬೇಕಾದ್ದು ಹೀಗೆ:

> 11:20 – 3ಬಿ ಎಲ್‌ಸಿ ವಾಪಸ್. ಕೂಲರ್ ನೀರಿನ ಕಡೆ ಕೆಸರು ತುಂಬಿತ್ತು, ತೊಳೆದಿದ್ದಾರೆ (ಎಂಎಂ ಹೇಳಿದ್ದು).
>
> 11:45 – ಟ್ಯಾಗ್‌ಗಳು ತೆಗೆದಿವೆ, ಕೂಲರ್ ನೀರು ಶುರು, ಏರ್ ತೆಗೆದಿದೆ, ಎಒಪಿ ಓಡುತ್ತಿದೆ, ಸೋರಿಕೆ ಇಲ್ಲ. ಸಕ್ಷನ್ ತೆರೆದು ವಾರ್ಮ್‌ಅಪ್ ಶುರು. ಇನ್ನೂ ಲಭ್ಯವಿಲ್ಲ.
>
> 12:50 – ವಾರ್ಮ್‌ಅಪ್ ಸರಿ. ಬ್ರೇಕರ್ ಸರ್ವೀಸ್‌ಗೆ. ಟ್ರಯಲ್ ಸ್ಟಾರ್ಟ್.
>
> 13:30 – ಬೇರಿಂಗ್ 61ರಲ್ಲಿ ನಿಂತಿದೆ, 20 ನಿಮಿಷದಿಂದ ಏರಿಲ್ಲ. ಸ್ಟಾಪ್. 3ಬಿ: ಸ್ಟ್ಯಾಂಡ್‌ಬೈ, ಆಟೋ. ಬಾಕಿ ಮುಗಿಯಿತು. 3ಸಿ ಸ್ಕೂಪ್ ಇನ್ನೂ ಮ್ಯಾನುಯಲ್, ಬಾಕಿ ಮುಂದುವರಿದಿದೆ.

11:45ರ ಸಾಲಿನ ಕೊನೆಯ ಎರಡು ಪದ ನೋಡಿ. ಅವು ಇಲ್ಲದಿದ್ದರೆ 11:45ರಿಂದ 13:30ರ ನಡುವೆ ಯಾರಾದರೂ ಲಾಗ್ ಓದಿ, ಪಂಪ್ ಸಿದ್ಧವಿದೆ ಅಂತ ನಂಬಿ 3ಸಿಯನ್ನು ಸ್ಕೂಪ್ ಕೆಲಸಕ್ಕೆ ಸಿ ಅಂಡ್ ಐಗೆ ಕೊಡಲು ಹೊರಡಬಹುದು. ಹಾಗೆ ಕೊಡುವುದಾದರೆ 13:30ರ ಸಾಲು ಬಿದ್ದ ಮೇಲೆ, ಮೊದಲು 3ಬಿ ಓಡಿಸಿ.